ಸಂದರ್ಶನದ ನಂತರದ ಧನ್ಯವಾದ ಮೇಲ್: ಅಲ್ಲಿ ಆಡಿದ ಮಾತನ್ನೇ ಹಿಡಿದು ಬರೆಯುವುದು ಹೇಗೆ

ಸಂದರ್ಶನಕ್ಕೆ ಹೋಗಿ ಬಂದವರು ಧನ್ಯವಾದದ ಮೇಲ್ ಕಳಿಸುವುದು ಈಗ ನಮ್ಮ ಕಡೆಯೂ ಶುರುವಾಗಿದೆ. ಶಿರಸಿಯ ಅಡಿಕೆ ವ್ಯಾಪಾರದ ಕಚೇರಿ ಇರಲಿ, ಗೋಕರ್ಣದ ರೆಸಾರ್ಟ್ ಇರಲಿ, ಕಾರವಾರದ ಸಾಗಣೆ ಕಂಪನಿ ಇರಲಿ, ಅಭ್ಯರ್ಥಿಗಳಲ್ಲಿ ಒಬ್ಬಿಬ್ಬರಾದರೂ ಸಂಜೆಯೊಳಗೆ ಬರೆಯುತ್ತಾರೆ. ಆದರೆ ಬರೆಯುವುದೆಲ್ಲ ಒಂದೇ ಥರ. "ತಮ್ಮ ಅಮೂಲ್ಯ ಸಮಯವನ್ನು ನೀಡಿದ್ದಕ್ಕಾಗಿ ಧನ್ಯವಾದಗಳು. ತಮ್ಮ ಸಂಸ್ಥೆಯ ಬಗ್ಗೆ ತಿಳಿದು ಸಂತೋಷವಾಯಿತು. ತಮ್ಮ ಉತ್ತರದ ನಿರೀಕ್ಷೆಯಲ್ಲಿ." ಕೆಳಗಿನ ಹೆಸರು ಮುಚ್ಚಿಟ್ಟರೆ ಯಾರು ಬರೆದದ್ದು, ಯಾವ ಕೆಲಸಕ್ಕೆ ಬರೆದದ್ದು ಎಂದು ಯಾರಿಗೂ ಹೇಳಲು ಬರುವುದಿಲ್ಲ. ಓದಿದವರು ಒಳ್ಳೆಯದು ಎಂದುಕೊಂಡು ಮುಚ್ಚುತ್ತಾರೆ, ಅಷ್ಟೇ.

ಇದನ್ನು ತಿಳಿದ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಸಂದರ್ಶನದಲ್ಲಿ ಬಂದ ನಾಲ್ಕೈದು ವಿಷಯಗಳನ್ನು ಸಾಲಾಗಿ ಜೋಡಿಸಿ, ಪ್ರತಿಯೊಂದಕ್ಕೂ "ಇದು ನನ್ನ ಗಮನ ಸೆಳೆಯಿತು" ಎಂದು ಬಾಲ ಹಚ್ಚುತ್ತಾರೆ. ಅದು ಸಭೆಯ ನಡಾವಳಿ ಓದಿದ ಹಾಗೆ ಇರುತ್ತದೆ. ನಡೆದ ಮಾತು ಅದರಲ್ಲಿ ಇದೆ, ಆದರೆ ಕಂಠಪಾಠ ಮಾಡಿದ ವಾಸನೆ ಹೋಗಿಲ್ಲ.

ಹಾಗಾಗಿ ಇಲ್ಲಿ ಒಂದೇ ವಿಷಯ ಹೇಳುತ್ತೇನೆ. ಆ ಕೋಣೆಯಲ್ಲಿ ನಡೆದ ಮಾತಿನಲ್ಲಿ ಒಂದನ್ನು ಆರಿಸಿ, ಎದುರು ಕೂತವರಿಗೆ "ಹೌದು, ನಾನು ಹೇಳಿದ್ದು ಇವರಿಗೆ ತಲುಪಿದೆ" ಎನ್ನಿಸುವ ಹಾಗೆ ಬರೆಯುವುದು ಹೇಗೆ? ಬರೀ ನಿಯಮ ಹೇಳಿದರೆ ತಲೆಗೆ ಹತ್ತುವುದಿಲ್ಲ. ಒಂದು ಉದಾಹರಣೆ ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಹೋಗೋಣ.

ಸಿದ್ದಾಪುರ ಕಡೆಯ ಒಬ್ಬ ಹುಡುಗಿ ಎಂದುಕೊಳ್ಳಿ. ಬಿ.ಕಾಂ ಆಗಿದೆ. ಎರಡು ವರ್ಷ ಒಂದು ಕಿರಾಣಿ ಸಗಟು ಅಂಗಡಿಯಲ್ಲಿ ಲೆಕ್ಕ ಬರೆದಿದ್ದಾಳೆ. ಶಿರಸಿಯ ಒಂದು ಅಡಿಕೆ ಖರೀದಿ ಸಂಸ್ಥೆಯಲ್ಲಿ ಲೆಕ್ಕಪತ್ರ ಸಹಾಯಕಿ ಕೆಲಸಕ್ಕೆ ಸಂದರ್ಶನ. ಎದುರು ಇಬ್ಬರು. ಒಬ್ಬರು ವ್ಯವಸ್ಥಾಪಕರು, ಇನ್ನೊಬ್ಬರು ಬಹಳ ವರ್ಷದಿಂದ ಅಲ್ಲೇ ಇರುವ ಹಿರಿಯ ಲೆಕ್ಕಿಗರು. ಮುಕ್ಕಾಲು ಗಂಟೆ ಮಾತು, ಆಮೇಲೆ ಗೋದಾಮನ್ನೂ ತೋರಿಸಿದರು.

ಮೊದಲ ಕೆಲಸ: ಹೊರಗೆ ಬಂದ ಕೂಡಲೇ ಗೀಚಿಕೊಳ್ಳಿ

ಮೇಲ್ ಚೆನ್ನಾಗಿ ಬರುತ್ತದೋ ಇಲ್ಲವೋ ಎನ್ನುವುದು ಹೆಚ್ಚಾಗಿ ಇಲ್ಲೇ ತೀರ್ಮಾನವಾಗುತ್ತದೆ. ಸಂದರ್ಶನ ಮುಗಿದ ಅರ್ಧ ಗಂಟೆಯೊಳಗೆ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೋ ಹೋಟೆಲಿನಲ್ಲಿ ಚಹಾ ಬರುವಷ್ಟರಲ್ಲೋ, ನೆನಪಿರುವುದನ್ನು ಬರೆದುಕೊಳ್ಳಿ. ಮನೆಗೆ ಹೋಗಿ ಬರೆಯುತ್ತೇನೆ ಎಂದರೆ ಆಗುವುದಿಲ್ಲ. ಅಷ್ಟರಲ್ಲಿ ಅಮ್ಮ ಕೇಳುತ್ತಾರೆ, ಗೆಳತಿ ಫೋನ್ ಮಾಡುತ್ತಾಳೆ, ಹೇಳಿದ್ದನ್ನೇ ಹೇಳಿ ಹೇಳಿ ನಿಮ್ಮ ತಲೆಯಲ್ಲಿ ಒಂದು ಚಂದದ ಕಥೆ ಸಿದ್ಧವಾಗಿರುತ್ತದೆ. ಆ ಕಥೆಯಲ್ಲಿ ಅವರ ಮಾತು ಹೋಗಿ ನಿಮ್ಮ ಮಾತಷ್ಟೇ ಉಳಿದಿರುತ್ತದೆ.

ಬರೆಯುವಾಗ ವಿಷಯದ ಹೆಸರು ಬರೆಯಬೇಡಿ, ಅವರು ಬಳಸಿದ ಮಾತನ್ನೇ ಬರೆಯಿರಿ. ಇದು ತುಂಬಾ ಮುಖ್ಯ. "ದಾಸ್ತಾನು ನಿರ್ವಹಣೆ ಬಗ್ಗೆ ಚರ್ಚೆ" ಎಂದು ಬರೆದುಕೊಂಡರೆ ಸಂಜೆ ಮೇಲ್ ಬರೆಯಲು ಕೂತಾಗ ಅದೇ ಒಣ ಪದ ಮೇಲ್‌ಗೂ ಬರುತ್ತದೆ. ನಮ್ಮ ಹುಡುಗಿಯ ಚೀಟಿಯಲ್ಲಿ ಇದ್ದದ್ದು ಹೀಗೆ:

> ಹಿರಿಯರು: "ಬುಕ್ಕಲ್ಲಿ ಒಂದು ತೂಕ, ಗೋದಾಮಲ್ಲಿ ತೂಗಿದ್ರೆ ಇನ್ನೊಂದು. ಮಾರ್ಚಲ್ಲೇ ಗೊತ್ತಾಗೋದು."
> ಮ್ಯಾನೇಜರ್: ಟ್ಯಾಲಿಯಲ್ಲಿ ಬೆಟ್ಟೆಯ ಸ್ಪೆಲ್ಲಿಂಗ್ ಒಬ್ಬೊಬ್ಬರದು ಒಂದೊಂದು, ಒಂದೇ ಮಾಲು ಎರಡು ಕಡೆ ಕಾಣ್ತದೆ
> ಒಣಗಿದ ತೂಕ ಹೇಗೆ ತೋರಿಸ್ತೀರಿ? — "ನಷ್ಟಕ್ಕೆ" ಅಂದೆ. ಹಿರಿಯರು ಸುಮ್ಮನಾದರು
> ಟೆಂಡರ್ ದಿನ ತಡ ಆಗ್ತದೆ, ಮನೆಗೆ ಹೋಗೋದು ಹೇಗೆ ಅಂತ ಎರಡು ಸಲ ಕೇಳಿದರು
> ಹಿಂದಿನವರು ಹೇಳದೆ ಬಿಟ್ಟು ಹೋದ್ರು
> ಯಾವ ಊರು, ಯಾರ ಮನೆ. ಚಿಕ್ಕಪ್ಪನ ಪರಿಚಯ
> ಸೋಮವಾರದೊಳಗೆ ಹೇಳ್ತೇವೆ

ಮೂರನೇ ಸಾಲು ನೋಡಿ. "ಹಿರಿಯರು ಸುಮ್ಮನಾದರು" ಎಂದು ಬರೆದುಕೊಂಡಿದ್ದಾಳೆ. ಎದುರಿನವರು ಎಲ್ಲಿ ಮುಂದೆ ಬಾಗಿದರು, ಯಾವುದನ್ನು ಎರಡು ಸಲ ಕೇಳಿದರು, ಎಲ್ಲಿ ಮಾತು ನಿಲ್ಲಿಸಿದರು, ಇದೂ ಚೀಟಿಯಲ್ಲಿ ಇರಬೇಕು. ಯಾವ ವಿಷಯ ಅವರಿಗೆ ನಿಜವಾಗಿ ಬೇಕಾದದ್ದು ಎಂದು ಆಮೇಲೆ ತಿಳಿಯುವುದು ಇದರಿಂದಲೇ.

ಇನ್ನೊಂದು ಸಣ್ಣ ಕೆಲಸ ಹೊರಡುವ ಮೊದಲೇ ಆಗಬೇಕು. ಮೇಲ್ ಐಡಿ. "ಸರ್, ಏನಾದರೂ ಕಳಿಸುವುದಿದ್ದರೆ ಯಾವ ಐಡಿಗೆ ಕಳಿಸಲಿ?" ಎಂದು ಏಳುವಾಗ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅದು ಸಿಗದಿದ್ದರೆ ಸಂದರ್ಶನಕ್ಕೆ ಕರೆದ ಮೇಲ್ ಇದೆಯಲ್ಲ, ಅದಕ್ಕೇ ಉತ್ತರವಾಗಿ ಬರೆಯಿರಿ. ಹಾಗೆ ಮಾಡಿದರೆ ನಿಮ್ಮ ಅರ್ಜಿ, ಕರೆ, ಧನ್ಯವಾದ ಎಲ್ಲ ಒಂದೇ ಸಾಲಿನಲ್ಲಿ ಅವರಿಗೆ ಕಾಣುತ್ತದೆ, ಹುಡುಕುವ ತಾಪತ್ರಯ ಇಲ್ಲ.

ಯಾವ ಮಾತು ಆರಿಸಬೇಕು

ಚೀಟಿಯಲ್ಲಿ ಏಳು ಸಾಲು ಇದೆ. ಮೇಲ್‌ಗೆ ಹೋಗುವುದು ಒಂದು, ಜಾಸ್ತಿ ಎಂದರೆ ಎರಡು. ಉಳಿದದ್ದನ್ನು ಬಿಡಲು ಗಟ್ಟಿ ಮನಸ್ಸು ಬೇಕು, ಯಾಕೆಂದರೆ ಎಲ್ಲವೂ ಮುಖ್ಯ ಎಂದೇ ಅನ್ನಿಸುತ್ತದೆ.

ನಾನು ಹೇಳುವ ಪರೀಕ್ಷೆ ಒಂದೇ. ನಿಮ್ಮ ನಂತರ ಒಳಗೆ ಹೋದ ಇನ್ನೊಬ್ಬ ಅಭ್ಯರ್ಥಿ ಈ ವಾಕ್ಯ ಬರೆಯಬಹುದಿತ್ತಾ? ಸಂಸ್ಥೆಯ ವೆಬ್‌ಸೈಟ್ ನೋಡಿ, ಒಳಗೆ ಕಾಲೇ ಇಡದೆ ಬರೆಯಬಹುದಿತ್ತಾ? ಹೌದು ಎಂದಾದರೆ ಬಿಟ್ಟುಬಿಡಿ. "ರೈತರ ಹಿತಕ್ಕಾಗಿ ನಿಮ್ಮ ಸಂಸ್ಥೆ ಮಾಡುತ್ತಿರುವ ಕೆಲಸ ಮೆಚ್ಚುಗೆಯಾಯಿತು" ಎನ್ನುವುದು ಗೇಟಿನ ಹೊರಗಿನಿಂದಲೇ ಬರೆಯಬಹುದಾದ ವಾಕ್ಯ. "ಮಾರ್ಚಿನಲ್ಲೇ ಗೊತ್ತಾಗುವುದು ಎಂದಿರಲ್ಲ" ಎನ್ನುವುದು ಒಳಗೆ ಕೂತವರಿಗೆ ಮಾತ್ರ ಬರೆಯಲು ಬರುತ್ತದೆ.

ಈ ಪರೀಕ್ಷೆಯಲ್ಲಿ ಪಾಸಾದರೂ ಕೆಲವನ್ನು ಮುಟ್ಟಬಾರದು. "ಹಿಂದಿನವರು ಹೇಳದೆ ಬಿಟ್ಟು ಹೋದ್ರು" ಎಂದದ್ದು ಮ್ಯಾನೇಜರ್ ಬೇಸರದಲ್ಲಿ ಆಡಿದ ಮಾತು. ಅದನ್ನು ಹಿಡಿದು "ನಾನು ಹಾಗೆ ಬಿಟ್ಟು ಹೋಗುವವಳಲ್ಲ" ಎಂದು ಬರೆದರೆ, ಒಳಗಿನ ಮಾತು ಈ ಹುಡುಗಿಯ ಬಾಯಲ್ಲಿ ನಿಲ್ಲುವುದಿಲ್ಲ ಎಂದಾಗುತ್ತದೆ. ಮೇಲ್ ಬೇರೆಯವರಿಗೂ ಫಾರ್ವರ್ಡ್ ಆಗುತ್ತದೆ, ನೆನಪಿರಲಿ. ಸಂಬಳದ ಮಾತೂ ಇದೇ ಗುಂಪಿಗೆ, ಧನ್ಯವಾದದ ಮೇಲ್‌ನಲ್ಲಿ ಅದಕ್ಕೆ ಜಾಗ ಇಲ್ಲ.

ನಮ್ಮ ಜಿಲ್ಲೆಗೆ ವಿಶೇಷವಾದ ಇನ್ನೊಂದು ಇದೆ. ಯಾವ ಊರು, ಯಾರ ಮನೆ, ನಿಮ್ಮ ಚಿಕ್ಕಪ್ಪ ನಮಗೆ ಗೊತ್ತು, ಈ ಮಾತು ಬಾರದ ಸಂದರ್ಶನವೇ ಇಲ್ಲ ಎನ್ನಬೇಕು. ಆ ಎರಡು ನಿಮಿಷ ಬಹಳ ಆಪ್ತವಾಗಿ ಇರುತ್ತದೆ, ಹಾಗಾಗಿ ಮೇಲ್ ಬರೆಯುವಾಗ ಮೊದಲು ನೆನಪಾಗುವುದೂ ಅದೇ. ಬಿಟ್ಟುಬಿಡಿ. "ಚಿಕ್ಕಪ್ಪನಿಗೆ ನಿಮ್ಮ ನಮಸ್ಕಾರ ತಿಳಿಸಿದೆ" ಎಂದು ಬರೆದ ಕೂಡಲೇ ಅದು ಪರಿಚಯದ ಮೇಲೆ ಕೆಲಸ ಕೇಳಿದ ಹಾಗೆ ಕಾಣುತ್ತದೆ, ನಿಮಗೆ ಆ ಉದ್ದೇಶ ಇಲ್ಲದಿದ್ದರೂ. ಎದುರು ಸಿಕ್ಕಾಗ ಹೇಳಿದರೆ ಸಾಕು.

ಹಾಗಾದರೆ ಉಳಿದದ್ದು ತೂಕದ ವ್ಯತ್ಯಾಸ, ಸ್ಪೆಲ್ಲಿಂಗಿನ ಗೊಂದಲ, ಟೆಂಡರ್ ದಿನದ ತಡ, ಒಣಗಿದ ತೂಕದ ಪ್ರಶ್ನೆ. ಇದರಲ್ಲಿ ತೂಕದ ವ್ಯತ್ಯಾಸವೇ ಎದ್ದು ಕಾಣುತ್ತದೆ. ಹಿರಿಯರು ತಾವಾಗಿ ಎತ್ತಿದ ವಿಷಯ ಅದು. ಅವರು ಪ್ರತಿ ವರ್ಷ ಅನುಭವಿಸುವ ಕಷ್ಟ, ಹುಡುಗಿ ಹಿಂದೆ ಮಾಡಿದ ಕೆಲಸಕ್ಕೂ ಅದಕ್ಕೂ ಸಂಬಂಧ ಇದೆ. ಅವರು ತಾವಾಗಿ ಎತ್ತಿರಬೇಕು, ನಿಮಗೆ ಅದರ ಬಗ್ಗೆ ಹೇಳಲು ಸ್ವಂತದ್ದು ಏನಾದರೂ ಇರಬೇಕು. ಈ ಎರಡೂ ಕೂಡಿದ ಕಡೆ ಕೈ ಹಾಕಿ. ಟೆಂಡರ್ ದಿನ ಮನೆಗೆ ಹೋಗುವ ವಿಷಯ ಎರಡು ಸಲ ಕೇಳಿದ್ದಾರೆ ಎಂದರೆ ಅವರಿಗೆ ಅನುಮಾನ ಇದೆ, ಅದಕ್ಕೊಂದು ಸಾಲು ಬೇಕಾಗಬಹುದು. ಆದರೆ ನಮ್ಮ ಹುಡುಗಿ ಶಿರಸಿಯಲ್ಲೇ ಪೀಜಿಯಲ್ಲಿ ಇರುತ್ತೇನೆ ಎಂದು ಅಲ್ಲೇ ಸ್ಪಷ್ಟವಾಗಿ ಹೇಳಿ ಬಂದಿದ್ದಾಳೆ. ಹೇಳಿ ಮುಗಿದದ್ದನ್ನು ಮತ್ತೆ ಎಳೆಯುವುದು ಬೇಡ.

ಆ ಮಾತನ್ನು ಬರೆಯುವುದು

ಅವಳ ಮೊದಲ ಕರಡು ಹೀಗಿತ್ತು ಎಂದುಕೊಳ್ಳಿ:

> ನಮ್ಮ ಚರ್ಚೆಯ ಸಂದರ್ಭದಲ್ಲಿ ತಾವು ದಾಸ್ತಾನು ವ್ಯತ್ಯಾಸದ ಸವಾಲಿನ ಬಗ್ಗೆ ಹಂಚಿಕೊಂಡ ಒಳನೋಟಗಳು ನನ್ನನ್ನು ಬಹಳವಾಗಿ ಪ್ರಭಾವಿಸಿದವು. ನನ್ನ ಅನುಭವ ಹಾಗೂ ಕೌಶಲಗಳು ಈ ಸವಾಲನ್ನು ಎದುರಿಸಲು ಸಹಾಯಕವಾಗುತ್ತವೆ ಎಂಬ ವಿಶ್ವಾಸ ನನಗಿದೆ.

ನಿಜ ನಡೆದ ಮಾತೇ ಇದು. ಆದರೂ ಯಾರೋ ಬರೆದುಕೊಟ್ಟ ಹಾಗಿದೆ, ಅಲ್ವಾ? ಯಾಕೆ ಎಂದು ನೋಡಬೇಕು. ಹಿರಿಯರು "ತೂಕ" ಎಂದರು, "ಗೋದಾಮು" ಎಂದರು, "ಮಾರ್ಚ್" ಎಂದರು. ಆ ಮೂರೂ ಪದ ಇಲ್ಲಿ ಇಲ್ಲ. ಅದರ ಜಾಗದಲ್ಲಿ ಸವಾಲು, ಒಳನೋಟ, ಕೌಶಲ ಬಂದು ಕೂತಿವೆ. ಎರಡನೇ ವಾಕ್ಯದಲ್ಲಿ ಅನುಭವ ಇದೆ ಎಂದಿದೆ, ಏನು ಅನುಭವ ಎಂದಿಲ್ಲ. ಮತ್ತೆ, ಲೆಕ್ಕದ ಕೋಣೆಯಲ್ಲಿ ಕೂತು ಗೋದಾಮಿನ ಕಷ್ಟ ಹೇಳಿಕೊಂಡವರಿಗೆ "ನನ್ನನ್ನು ಬಹಳವಾಗಿ ಪ್ರಭಾವಿಸಿದವು" ಎಂದರೆ ಅವರಿಗೇ ಮುಜುಗರ.

ಸರಿಮಾಡುವುದು ಕಷ್ಟ ಇಲ್ಲ. ಮೊದಲು ಅವರು ಹೇಳಿದ್ದನ್ನು ಅವರದೇ ಪದದಲ್ಲಿ, ಅರ್ಧ ವಾಕ್ಯದಲ್ಲಿ ನೆನಪಿಸಿ. ಪೂರ್ತಿ ವಿವರಿಸಬೇಡಿ, ಅವರಿಗೆ ಗೊತ್ತೇ ಇದೆ. ಆಮೇಲೆ ಆ ವಿಷಯಕ್ಕೆ ತಾಗುವ ಹಾಗೆ ನೀವು ನಿಜವಾಗಿ ಮಾಡಿದ ಒಂದು ಕೆಲಸ ಹೇಳಿ, ಎಲ್ಲಿ, ಯಾವಾಗ, ಹೇಗೆ ಎನ್ನುವಷ್ಟು. ಕೊನೆಗೆ ಅದನ್ನು ಅವರ ಕೈಯಲ್ಲೇ ಬಿಡಿ. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಮುಕ್ಕಾಲು ಗಂಟೆ ಮಾತಾಡಿ ಬಂದವರು, ಇಪ್ಪತ್ತು-ಮೂವತ್ತು ವರ್ಷ ಅಡಿಕೆ ತೂಗಿದವರಿಗೆ "ನೀವು ಹೀಗೆ ಮಾಡಿದರೆ ವ್ಯತ್ಯಾಸ ಬರುವುದಿಲ್ಲ" ಎಂದು ಬರೆದರೆ ಆ ಮೇಲ್ ಅಲ್ಲಿಗೇ ಮುಗಿಯಿತು. ಚಾಲಿ ಬೇರೆ, ರಾಶಿ ಬೇರೆ, ಮಳೆಗಾಲದ ಹವೆ ಬೇರೆ. ಕಿರಾಣಿ ಅಂಗಡಿಯ ಅಕ್ಕಿ ಮೂಟೆಯ ಲೆಕ್ಕ ಅಲ್ಲಿ ಹಾಗೇ ನಡೆಯುತ್ತದೆ ಎಂದು ಯಾರೂ ಹೇಳಲು ಆಗುವುದಿಲ್ಲ. ನಾನು ಹೀಗೆ ಮಾಡಿದ್ದೆ, ನಿಮ್ಮಲ್ಲಿ ಎಷ್ಟು ಹೊಂದುತ್ತದೋ ನಿಮಗೆ ಗೊತ್ತು, ಇಷ್ಟು ಸಾಕು.

ಒಂದು ಎಚ್ಚರಿಕೆ. ಅವರ ಮಾತನ್ನು ನೆನಪಿಸುವಾಗ ಇರುವುದಕ್ಕಿಂತ ದೊಡ್ಡದು ಮಾಡಬೇಡಿ. "ವ್ಯತ್ಯಾಸ ಆಗುತ್ತದೆ" ಎಂದಿದ್ದನ್ನು "ನಿಮ್ಮಲ್ಲಿರುವ ಗಂಭೀರ ಸಮಸ್ಯೆ" ಎಂದು ಬರೆದರೆ ಅವರ ಸಂಸ್ಥೆಯ ಹುಳುಕು ಎತ್ತಿ ತೋರಿಸಿದ ಹಾಗೆ. ಅವರು ಮಾಮೂಲಿ ಎಂಬಂತೆ ಹೇಳಿದ್ದರೆ ನೀವೂ ಮಾಮೂಲಿಯಾಗೇ ಹೇಳಿ.

ಅರ್ಧಕ್ಕೆ ನಿಂತ ಉತ್ತರ ಇದ್ದರೆ

ಚೀಟಿಯ ಮೂರನೇ ಸಾಲಿಗೆ ಬರೋಣ. ಅಡಿಕೆ ಒಣಗಿ ಕಡಿಮೆಯಾದ ತೂಕವನ್ನು ಲೆಕ್ಕದಲ್ಲಿ ಹೇಗೆ ತೋರಿಸುತ್ತೀರಿ ಎಂದು ಕೇಳಿದ್ದರು. ಅವಳು "ನಷ್ಟಕ್ಕೆ ಹಾಕುತ್ತೇನೆ" ಎಂದಳು. ಬಸ್ಸಿನಲ್ಲಿ ಕೂತಾಗ ನೆನಪಾಯಿತು, ಅದು ಸರಿಯಲ್ಲ. ಮಾಮೂಲಿಯಾಗಿ ಆಗೇ ಆಗುವ ಒಣಗುವಿಕೆಯನ್ನು ಬೇರೆ ನಷ್ಟವಾಗಿ ತೋರಿಸುವುದಿಲ್ಲ, ಕೊಟ್ಟ ದುಡ್ಡೆಲ್ಲ ಉಳಿದ ತೂಕದ ಮೇಲೆ ಬೀಳುತ್ತದೆ. ಲೆಕ್ಕಕ್ಕೆ ಸುಲಭವಾಗಲಿ ಎಂದು ಕ್ವಿಂಟಲಿಗೆ 40,000 ರೂಪಾಯಿಯಂತೆ 10 ಕ್ವಿಂಟಲ್ ತೆಗೆದುಕೊಂಡರು ಎನ್ನಿ. ಒಟ್ಟು 4 ಲಕ್ಷ. ಒಣಗಿ 9.8 ಕ್ವಿಂಟಲ್ ಆದರೆ ಆ 4 ಲಕ್ಷ 9.8ಕ್ಕೆ ಹಂಚಿಹೋಗಿ ಕ್ವಿಂಟಲಿಗೆ ಸುಮಾರು 40,816 ರೂಪಾಯಿ ಬೀಳುತ್ತದೆ. ಗೋದಾಮು ಸೋರಿ ಹಾಳಾದದ್ದು, ಕಳವಾದದ್ದು, ಇಂಥ ಅಸಹಜವಾದದ್ದು ಮಾತ್ರ ಬೇರೆಯಾಗಿ ನಷ್ಟಕ್ಕೆ ಹೋಗುತ್ತದೆ.

ಇದನ್ನು ಮೇಲ್‌ನಲ್ಲಿ ಹೇಳಬಹುದಾ? ಹೇಳಬಹುದು, ಈ ಸಂದರ್ಭದಲ್ಲಿ ಹೇಳಲೇಬೇಕು ಎನ್ನುತ್ತೇನೆ. ಪ್ರಶ್ನೆ ಕೆಲಸದ ತಿರುಳಿಗೇ ಸಂಬಂಧಿಸಿದ್ದು, ಸರಿ ಉತ್ತರ ಎರಡು ವಾಕ್ಯದಲ್ಲಿ ಮುಗಿಯುತ್ತದೆ, ಅವರಿಗೂ ಅದು ತಪ್ಪು ಎಂದು ಗೊತ್ತಾಗಿದೆ. ಹೀಗಿದ್ದಾಗ ಮಾತ್ರ ತಿದ್ದಿ. ಮೇಲಿನ ಲೆಕ್ಕವನ್ನೆಲ್ಲ ಬಿಡಿಸಿ ಬರೆಯಬೇಡಿ, ಅದು ಪರೀಕ್ಷೆಯ ಉತ್ತರ ಪತ್ರಿಕೆ ಆಗುತ್ತದೆ. "ಗಾಬರಿಯಲ್ಲಿ ಹಾಗೆ ಹೇಳಿದೆ, ದಯವಿಟ್ಟು ಕ್ಷಮಿಸಿ" ಎನ್ನುವುದೂ ಬೇಡ. ಅಂದದ್ದು ಇದು, ಸರಿಯಾದದ್ದು ಇದು, ಮುಗಿಯಿತು. "ನಿಮ್ಮ ದೌರ್ಬಲ್ಯ ಏನು" ಎಂಬಂಥ ಪ್ರಶ್ನೆಗೆ ಕೊಟ್ಟ ಉತ್ತರ ಚೆನ್ನಾಗಿರಲಿಲ್ಲ ಎಂದು ಅನ್ನಿಸಿದರೆ ಅದನ್ನು ಮತ್ತೆ ಕೆದಕಬೇಡಿ. ಅವರು ಮರೆತಿರುತ್ತಾರೆ.

ಪೂರ್ತಿ ಮೇಲ್

> ವಿಷಯ: ಲೆಕ್ಕಪತ್ರ ಸಹಾಯಕಿ ಕೆಲಸ – ಇವತ್ತಿನ ಸಂದರ್ಶನಕ್ಕೆ ಧನ್ಯವಾದ
>
> ನಮಸ್ಕಾರ ಸರ್,
>
> ಇವತ್ತು ಬೆಳಿಗ್ಗೆ ಅಷ್ಟು ಹೊತ್ತು ಮಾತಾಡಿದ್ದಕ್ಕೆ, ಗೋದಾಮನ್ನೂ ತೋರಿಸಿದ್ದಕ್ಕೆ ಧನ್ಯವಾದ.
>
> ಬುಕ್ಕಿನ ತೂಕಕ್ಕೂ ಗೋದಾಮಿನ ತೂಕಕ್ಕೂ ಇರುವ ವ್ಯತ್ಯಾಸ ಮಾರ್ಚಿನಲ್ಲೇ ಗೊತ್ತಾಗುವುದು ಎಂದು ನೀವು ಹೇಳಿದಿರಿ. ನಾನು ಹಿಂದೆ ಇದ್ದ ಸಗಟು ಅಂಗಡಿಯಲ್ಲಿ ಪ್ರತಿ ತಿಂಗಳ ಕೊನೆಯ ಶನಿವಾರ ಎರಡು-ಮೂರು ಮಾಲನ್ನು ಮಾತ್ರ ತೂಗಿ ಪುಸ್ತಕದ ಜೊತೆ ತಾಳೆ ನೋಡುತ್ತಿದ್ದೆವು. ತೂಗುವಾಗ ಬರೆದುಕೊಳ್ಳುವುದು, ಆಮೇಲೆ ಟ್ಯಾಲಿಯಲ್ಲಿ ನೋಡುವುದು ನನ್ನ ಕೆಲಸವಾಗಿತ್ತು. ಅಡಿಕೆಗೆ ಅದು ಎಷ್ಟು ಹೊಂದುತ್ತದೋ ನಿಮಗೇ ಗೊತ್ತು.
>
> ಒಣಗಿ ಕಡಿಮೆಯಾದ ತೂಕವನ್ನು ನಷ್ಟಕ್ಕೆ ಹಾಕುತ್ತೇನೆ ಎಂದಿದ್ದೆ. ಅದು ಸರಿಯಲ್ಲ. ಮಾಮೂಲಿ ಒಣಗುವಿಕೆಯಾದರೆ ಖರೀದಿಯ ಮೊತ್ತ ಉಳಿದ ತೂಕದ ಮೇಲೆ ಹೋಗಬೇಕು, ಕಳವಾದದ್ದು ಅಥವಾ ನೀರು ಬಿದ್ದು ಹಾಳಾದದ್ದು ಮಾತ್ರ ಬೇರೆಯಾಗಿ ನಷ್ಟಕ್ಕೆ.
>
> ಸೋಮವಾರದೊಳಗೆ ತಿಳಿಸುತ್ತೇವೆ ಎಂದಿದ್ದೀರಿ. ಅಷ್ಟರಲ್ಲಿ ಹಿಂದಿನ ಕೆಲಸದ ಪತ್ರ ಬೇಕಿದ್ದರೆ ಹೇಳಿ, ಕಳಿಸುತ್ತೇನೆ.
>
> ವಂದನೆಗಳು,
> (ಹೆಸರು, ಫೋನ್ ನಂಬರ್)

ಫೋನಿನಲ್ಲಿ ಓದಿದರೆ ಒಂದು ಸಲ ಬೆರಳಾಡಿಸುವಷ್ಟು ಉದ್ದ. ಇದಕ್ಕಿಂತ ಉದ್ದ ಬೇಡ. ನಿಮಗೆ ತಿದ್ದಿ ಹೇಳುವ ಉತ್ತರ ಇಲ್ಲದಿದ್ದರೆ ಆ ಪ್ಯಾರಾ ಹೋಗುತ್ತದೆ, ಮೇಲ್ ಇನ್ನೂ ಸಣ್ಣದಾಗುತ್ತದೆ, ಅದೂ ಒಳ್ಳೆಯದೇ. ಖಾಲಿ ಜಾಗ ತುಂಬಲು ಇನ್ನೊಂದು ವಿಷಯ ಹುಡುಕಬೇಡಿ.

"ಇವತ್ತು ಬೆಳಿಗ್ಗೆ ಅಷ್ಟು ಹೊತ್ತು ಮಾತಾಡಿದ್ದಕ್ಕೆ, ಗೋದಾಮನ್ನೂ ತೋರಿಸಿದ್ದಕ್ಕೆ" ಎಂಬ ಮೊದಲ ಸಾಲು ಗಮನಿಸಿ. ಧನ್ಯವಾದ ಹೇಳುವುದು ಅವರು ಮಾಡಿದ ಒಂದು ನಿಜವಾದ ಕೆಲಸಕ್ಕೆ. "ಅಮೂಲ್ಯ ಸಮಯ" ಎಂಬುದನ್ನು ತೆಗೆದುಹಾಕಲು ಇದೇ ದಾರಿ. ಏನೂ ತೋರಿಸದಿದ್ದರೂ ಏನಾದರೂ ಮಾಡಿರುತ್ತಾರೆ. ಮಳೆಗೆ ಬಸ್ ತಡವಾದಾಗ ಕಾದಿರುತ್ತಾರೆ, ಕೆಲಸದ ದಿನಚರಿ ವಿವರಿಸಿರುತ್ತಾರೆ, ನೆಟ್‌ವರ್ಕ್ ಕಡಿದಾಗ ಮತ್ತೆ ಕರೆ ಮಾಡಿರುತ್ತಾರೆ.

ಬರೆದ ಮೇಲೆ ಗಟ್ಟಿಯಾಗಿ ಓದಿ ನೋಡಿ, ಆ ಹಿರಿಯರು ಎದುರು ಕೂತಿದ್ದಾರೆ ಎಂದುಕೊಂಡು. ಯಾವ ವಾಕ್ಯವನ್ನು ಅವರ ಮುಖ ನೋಡಿ ಹೇಳಲು ನಾಲಿಗೆ ಏಳುವುದಿಲ್ಲವೋ ಅದು ಕಂಠಪಾಠದ ವಾಕ್ಯ. ಎದುರಾಎದುರು ಅವರಿಗೆ "ತಾವು" ಎನ್ನದೆ "ನೀವು" ಎಂದಿದ್ದರೆ ಮೇಲ್‌ನಲ್ಲೂ "ನೀವು" ಎನ್ನಿ. ಬೆಳಿಗ್ಗೆ "ನೀವು", ಸಂಜೆ "ತಾವು" ಆದರೆ ನಡುವೆ ಬೇರೆ ಯಾರೋ ಬಂದು ಬರೆದ ಹಾಗೆ ಕೇಳುತ್ತದೆ.

ಇಬ್ಬರು ಇದ್ದರಲ್ಲ?

ಇಬ್ಬರ ಐಡಿಯೂ ಇದ್ದರೆ ಇಬ್ಬರಿಗೂ ಬೇರೆ ಬೇರೆ ಬರೆಯಿರಿ. ಮೇಲಿನದು ಹಿರಿಯ ಲೆಕ್ಕಿಗರಿಗೆ. ವ್ಯವಸ್ಥಾಪಕರಿಗೆ ತೂಕದ ಕಥೆ ಬೇಡ, ಅವರು ಎತ್ತಿದ ವಿಷಯ ಸ್ಪೆಲ್ಲಿಂಗಿನದು. "ಬೆಟ್ಟೆ ಎರಡು ಸ್ಪೆಲ್ಲಿಂಗಿನಲ್ಲಿ ಎರಡು ಕಡೆ ಕಾಣುತ್ತದೆ ಎಂದಿರಿ. ನಮ್ಮಲ್ಲೂ ಬೆಲ್ಲಕ್ಕೆ ಹಾಗೇ ಆಗಿತ್ತು. ಮಾಲಿನ ಹೆಸರುಗಳ ಒಂದು ಪಟ್ಟಿ ಮಾಡಿ ಕಂಪ್ಯೂಟರ್ ಪಕ್ಕ ಅಂಟಿಸಿದ್ದೆವು, ಹೊಸ ಹೆಸರು ಸೇರಿಸುವುದಿದ್ದರೆ ಒಬ್ಬರೇ ಸೇರಿಸಬೇಕು ಎಂದು ಮಾಡಿಕೊಂಡಿದ್ದೆವು." ಇಷ್ಟು ಸಾಕು. ಒಂದೇ ಮೇಲ್ ಇಬ್ಬರಿಗೂ ಕಳಿಸಿ ಹೆಸರು ಮಾತ್ರ ಬದಲಿಸಿದರೆ ಅಪಾಯ. ಅವರು ಅಕ್ಕಪಕ್ಕದ ಮೇಜಿನವರು, "ನಿಮಗೂ ಬಂತಾ?" ಎಂದು ಕೇಳಿಯೇ ಕೇಳುತ್ತಾರೆ. ಒಬ್ಬರ ಐಡಿ ಮಾತ್ರ ಇದ್ದರೆ ಅವರಿಗೆ ಬರೆದು, ಕೊನೆಗೆ ಇನ್ನೊಬ್ಬರಿಗೂ ನನ್ನ ಧನ್ಯವಾದ ತಿಳಿಸಿ ಎನ್ನಿ.

ಕನ್ನಡವೋ ಇಂಗ್ಲಿಷೋ

ಅವರು ಕರೆದ ಮೇಲ್ ಯಾವ ಭಾಷೆಯಲ್ಲಿ ಇತ್ತೋ ಆ ಭಾಷೆ. ಮೇಲ್ ಇಂಗ್ಲಿಷಿನಲ್ಲಿ, ಮಾತು ಪೂರ್ತಿ ಕನ್ನಡದಲ್ಲಿ, ಇದೇ ನಮ್ಮಲ್ಲಿ ಜಾಸ್ತಿ. ಆಗ ಇಂಗ್ಲಿಷಿನಲ್ಲಿ ಬರೆಯುವುದಾದರೆ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ, ಆಮೇಲೆ ಒಂದೊಂದೇ ವಾಕ್ಯವನ್ನು ನಿಮಗೆ ಬರುವ ಸರಳ ಇಂಗ್ಲಿಷಿಗೆ ತನ್ನಿ. ನೇರ ಇಂಗ್ಲಿಷಿನಲ್ಲಿ ಶುರು ಮಾಡಿದರೆ ಕೈ ತಾನಾಗಿ ಸಿದ್ಧ ವಾಕ್ಯಗಳ ಕಡೆ ಹೋಗುತ್ತದೆ. ಚಾಲಿ, ರಾಶಿ, ಬೆಟ್ಟೆ ಎಂಬ ಹೆಸರುಗಳನ್ನು ಹಾಗೇ ಇಡಿ, ಅವಕ್ಕೆ ಇಂಗ್ಲಿಷ್ ಹುಡುಕಬೇಡಿ.

ಕನ್ನಡದಲ್ಲಿ ಕಳಿಸುವುದಾದರೆ ಯುನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದರೆ, ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಫೋನಿನ ಕನ್ನಡ ಕೀಬೋರ್ಡಿನಲ್ಲಿ ಟೈಪ್ ಮಾಡಿದರೆ ಈ ತೊಂದರೆ ಇಲ್ಲ. ಅನುಮಾನ ಇದ್ದರೆ ಮೊದಲು ಗೆಳತಿಯ ಫೋನಿಗೆ ಕಳಿಸಿ ನೋಡಿ.

ಯಾವಾಗ ಕಳಿಸಬೇಕು

ಅದೇ ದಿನ ಸಂಜೆ, ತಪ್ಪಿದರೆ ಮರುದಿನ ಬೆಳಿಗ್ಗೆ. ಗೇಟು ದಾಟಿದ ಹತ್ತು ನಿಮಿಷಕ್ಕೆ ಮೇಲ್ ಬಂದರೆ ಮೊದಲೇ ಬರೆದಿಟ್ಟದ್ದು ಎಂದು ಯಾರಿಗಾದರೂ ಅನ್ನಿಸುತ್ತದೆ. ಎರಡು ದಿನ ದಾಟಿದರೆ "ಮಾರ್ಚಿನಲ್ಲೇ ಗೊತ್ತಾಗುವುದು ಎಂದಿರಿ" ಎನ್ನುವಾಗ ಅವರಿಗೆ ಯಾರ ಹತ್ತಿರ ಅಂದದ್ದು ಎಂದೇ ನೆನಪಿರುವುದಿಲ್ಲ. ಶನಿವಾರ ಸಂದರ್ಶನವಾದರೆ ಶನಿವಾರವೇ ಕಳಿಸಿ, ಸೋಮವಾರಕ್ಕೆ ಇಡಬೇಡಿ.

ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟು, ನೆಟ್‌ವರ್ಕ್ ಎರಡೂ ಒಟ್ಟಿಗೇ ಹೋಗುತ್ತವೆ. ಹಾಗಾಗಿ ಪೇಟೆ ಬಿಡುವ ಮೊದಲೇ ಕರಡು ಬರೆದುಕೊಂಡರೆ ಒಳ್ಳೆಯದು. ಮನೆಯಿಂದ ಕಳಿಸಿದ್ದರೆ Sent ಎಂಬಲ್ಲಿ ಇದೆಯೋ Outbox ಎಂಬಲ್ಲಿ ನಿಂತಿದೆಯೋ ನೋಡಿ. ಸಿಗ್ನಲ್ ಇಲ್ಲದಾಗ Gmail ಆ್ಯಪ್ ಮೇಲನ್ನು Outbox ನಲ್ಲಿ ಹಿಡಿದಿಡುತ್ತದೆ, ನೀವು ಹೋಯಿತು ಎಂದುಕೊಂಡಿರುತ್ತೀರಿ. ರಾತ್ರಿ ಹನ್ನೊಂದಕ್ಕೆ ಬರೆದು ಮುಗಿದರೆ Schedule send ಒತ್ತಿ ಬೆಳಿಗ್ಗೆ ಎಂಟೂವರೆಗೆ ಇಡಬಹುದು.

ಎಲ್ಲಿ ಕಳಿಸಬಾರದು

ಇದನ್ನು ಉತ್ತರ ಕನ್ನಡದವರಿಗೆ ಹೇಳಲೇಬೇಕು, ಯಾಕೆಂದರೆ ನಮ್ಮಲ್ಲಿ ಕೈಗಾ ಅಣುವಿದ್ಯುತ್ ಕೇಂದ್ರ, ಕಾರವಾರದ ನೌಕಾನೆಲೆ, ಬಂದರು, ಹೀಗೆ ಸರ್ಕಾರಿ ನೇಮಕಾತಿ ನೋಡುವವರು ಬಹಳ. ಸರ್ಕಾರಿ ಮತ್ತು ಸಾರ್ವಜನಿಕ ಉದ್ದಿಮೆಗಳ ಸಂದರ್ಶನದ ನಂತರ ಮಂಡಳಿಯ ಸದಸ್ಯರ ಐಡಿ ಹುಡುಕಿ ಬರೆಯಬೇಡಿ. ಅಂಥ ಅಧಿಸೂಚನೆಗಳಲ್ಲಿ ಯಾವುದೇ ರೀತಿಯ ಪ್ರಭಾವ ಬೀರಲು ಯತ್ನಿಸಿದರೆ ಅನರ್ಹಗೊಳಿಸಲಾಗುವುದು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ನಿಮ್ಮ ಧನ್ಯವಾದವನ್ನು ಹಾಗೆ ತಿಳಿಯಲಿಕ್ಕಿಲ್ಲ, ಆದರೆ ಅಲ್ಲಿ ಅಂಕವೇ ಎಲ್ಲ, ಮೇಲ್‌ನಿಂದ ಲಾಭ ಇಲ್ಲ. ಅದೇ ಆವರಣದಲ್ಲಿ ಕೆಲಸ ಮಾಡುವ ಖಾಸಗಿ ಗುತ್ತಿಗೆ ಕಂಪನಿಯ ಸಂದರ್ಶನವಾದರೆ ಬರೆಯಬಹುದು. ಆದರೆ ಭದ್ರತಾ ವಲಯದೊಳಗಿನ ಕೆಲಸದ ವಿವರ ಮಾತಿಗೆ ಬಂದಿದ್ದರೆ ಅದನ್ನು ಮೇಲ್‌ನಲ್ಲಿ ಬರೆಯಬೇಡಿ, ಪಾಳಿಯ ವಿಷಯವೋ ದಾಖಲೆ ಬರೆಯುವ ಕ್ರಮವೋ ಹಿಡಿದುಕೊಳ್ಳಿ.

ಕಳಿಸಿದ ಮೇಲೆ

ಉತ್ತರ ಬಾರದಿದ್ದರೆ ಕೆಟ್ಟ ಸೂಚನೆ ಎಂದು ತಿಳಿಯಬೇಡಿ. ಧನ್ಯವಾದದ ಮೇಲ್‌ಗೆ ತಿರುಗಿ ಬರೆಯುವ ರೂಢಿ ಇಲ್ಲಿ ಕಡಿಮೆ. "ಮೇಲ್ ತಲುಪಿತಾ ಸರ್?" ಎಂದು ವಾಟ್ಸಾಪ್ ಮಾಡಬೇಡಿ. ಹಿರಿಯರು ಉತ್ತರಿಸಿ ಏನಾದರೂ ಕೇಳಿದರೆ, ಉದಾಹರಣೆಗೆ ಆ ಎರಡು-ಮೂರು ಮಾಲನ್ನು ಹೇಗೆ ಆರಿಸುತ್ತಿದ್ದಿರಿ ಎಂದು, ಅದಕ್ಕೆ ಮಾತ್ರ ಉತ್ತರಿಸಿ. ಹಾಗೆ ಕೇಳುವ ಸಾಧ್ಯತೆ ಇರುವುದರಿಂದಲೇ ಮೇಲ್‌ನಲ್ಲಿ ನಿಜವಾಗಿ ಮಾಡಿದ್ದನ್ನು ಮಾತ್ರ ಬರೆಯಬೇಕು. ಚಂದ ಕಾಣಲಿ ಎಂದು ಸೇರಿಸಿದ ಒಂದು ಸಾಲು ಅಲ್ಲಿ ಸಿಕ್ಕಿಬೀಳುತ್ತದೆ.

ಸೋಮವಾರ ಎಂದಿದ್ದಾರೆ. ಸೋಮವಾರ ಕಳೆದು, ಮಂಗಳವಾರವೂ ಬಿಟ್ಟು, ಬುಧವಾರ ಅದೇ ಮೇಲ್‌ನ ಕೆಳಗೆ ಎರಡು ಸಾಲು ಬರೆಯಬಹುದು: "ಸರ್, ಸೋಮವಾರದೊಳಗೆ ತಿಳಿಸುವುದಾಗಿ ಹೇಳಿದ್ದಿರಿ. ತೀರ್ಮಾನ ಇನ್ನೂ ಬಾಕಿ ಇದ್ದರೆ ಯಾವಾಗ ಕೇಳಲಿ?" ಈ ಸಲ ತೂಕದ ಮಾತು ಮತ್ತೆ ತರುವುದು ಬೇಡ. ಮೇಲಿನ ಮೇಲ್ ಅಲ್ಲೇ ಇದೆ, ಅವರಿಗೆ ಬೇಕಿದ್ದರೆ ಓದಿಕೊಳ್ಳುತ್ತಾರೆ.